ಅಂಗಡಿಯವರಿಗೆ ಸ್ಟಾಕ್ ಆ್ಯಪ್ ಡೆಮೊ: ಏನು ಹೇಳಬೇಕು?

"ದಿನಸಿ ಅಂಗಡಿಯವರಿಗೆ ಸ್ಟಾಕ್ ಆ್ಯಪ್ ತೋರಿಸಬೇಕು. ಮೆನು ವಿವರಿಸುವಾಗಲೇ ಅವರ ಗಮನ ಹೋಗುತ್ತೆ. ಸ್ಕ್ರಿಪ್ಟ್ ಹೇಗಿರಬೇಕು?"

ಬಹುಶಃ ಮೆನುವಿಂದ ಶುರು ಮಾಡ್ತಿರೋದೇ ತೊಂದರೆ. ಲಾಗಿನ್, ಡ್ಯಾಶ್‌ಬೋರ್ಡ್ ಬಿಡಿ. ಅವರು ಕರೆಯೋ ಹೆಸರಲ್ಲೇ ಹತ್ತು ಸಾಮಾನು ಮೊದಲೇ ಹಾಕಿಡಿ. ತೊಗರಿಬೇಳೆಗೆ ಎಚ್ಚರಿಕೆ ಮಿತಿ 10 ಇಡಿ.

ಅಂಗಡಿಯಲ್ಲಿ, "ಅಣ್ಣಾ, ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ಎಷ್ಟಿದೆ, ಎಣಿಸೋಣ್ವಾ?" ಅನ್ನಿ. 12 ಇದ್ದರೆ 12 ತುಂಬಿಸಿ. ಮೂರು ಪ್ಯಾಕೆಟ್ ಪಕ್ಕಕ್ಕಿಟ್ಟು, ಮಾರಾಟದ ಎಂಟ್ರಿ ಅವರ ಕೈಲೇ ಹಾಕಿಸಿ. 9 ಬರುತ್ತೆ, ಎಚ್ಚರಿಕೆಯೂ ಬರುತ್ತೆ. ಆಗ ಸುಮ್ನಿರಿ, ಅವರೇ ಶೆಲ್ಫ್ ಎಣಿಸಿ ನೋಡಲಿ. ಬಿಡಿ ಬೇಳೆ ಮಾತ್ರ ಬೇಡ, ತೂಕದ ಲೆಕ್ಕ ಅಲ್ಲೇ ತಾಳೆಯಾಗಲ್ಲ.

ಆಮೇಲೆ 3ರ ಬದಲು 30 ಒತ್ತಿ, ಸರಿಪಡಿಸಿ ತೋರಿಸಿ. ಜಾಸ್ತಿ ಭಯ ಇರೋದು ಇದಕ್ಕೇ, ಅಲ್ವಾ? ನಿಮ್ಮ ಆ್ಯಪ್ ಆಫ್‌ಲೈನ್ ನಡೆಯೋದಾದರೆ ನೆಟ್ ಆಫ್ ಮಾಡಿ ಇನ್ನೊಂದು ಎಂಟ್ರಿ ಹಾಕಿಸಿ. ಇಲ್ಲದಿದ್ದರೆ ನಿಮ್ಮ ಹಾಟ್‌ಸ್ಪಾಟ್ ಆನ್ ಇಟ್ಟುಕೊಂಡೇ ಹೋಗಿ.