ಭಾನುವಾರ ಒಂದೇ ದಿನ ಸಾಕು ಅನ್ನಿಸಿದ ಅಸೈನ್‌ಮೆಂಟ್‌ಗೆ ನಿಜಕ್ಕೂ ಎಷ್ಟು ದಿನ ಬೇಕು?

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರ ಟೊಮೆಟೊ ಮಾರುಕಟ್ಟೆ ಬಗ್ಗೆ 12 ಪುಟದ ವರದಿ ಬರೆದು 28ನೇ ತಾರೀಖು ಕೊಡಬೇಕು. ಭಾನುವಾರ ಕೂತರೆ 8 ಗಂಟೆಯಲ್ಲಿ ಮುಗಿಯುತ್ತೆ ಅನ್ನಿಸುತ್ತದೆ. ಆದರೆ ಪ್ರತಿ ಸಲ ಹೀಗೇ ಅಂದುಕೊಂಡು ಕೊನೆಗೆ ಎರಡು ರಾತ್ರಿ ನಿದ್ದೆಗೆಟ್ಟು, ಅಳುತ್ತಾ ಬರೆಯುತ್ತೇನೆ. ನಾನು ಅಷ್ಟೊಂದು ನಿಧಾನನಾ ಮೇಡಂ?
— ಒಬ್ಬ ವಿದ್ಯಾರ್ಥಿನಿ, ಕೋಲಾರ

ಉತ್ತರ: ನಿಮ್ಮ ಬರವಣಿಗೆಯ ವೇಗದಲ್ಲಿ ತೊಂದರೆ ಇರುವ ಹಾಗೆ ಕಾಣುವುದಿಲ್ಲ. ತೊಂದರೆ ಇರುವುದು ಆ 8 ಗಂಟೆ ಅನ್ನುವ ಅಂದಾಜಿನಲ್ಲಿ. ಅದು ಎಲ್ಲಿಂದ ಬಂತು ಅಂತ ಸ್ವಲ್ಪ ಯೋಚಿಸಿ. ಬೆಳಗ್ಗೆ ತಿಂಡಿ ತಿಂದು ಕೂರುತ್ತೀರಿ, ಓದುತ್ತೀರಿ, ಬರೆಯುತ್ತೀರಿ, ಸಂಜೆಗೆ ಮುಗಿಯುತ್ತದೆ, ಹೀಗೊಂದು ಚಿತ್ರ ಮನಸ್ಸಿನಲ್ಲಿ ಓಡಿತು ಅಲ್ವಾ? ಆ ಚಿತ್ರದಲ್ಲಿ ಕರೆಂಟು ಹೋಗುವುದಿಲ್ಲ, ನೆಂಟರು ಬರುವುದಿಲ್ಲ, ಬರೆದ ಪುಟ ಸರಿ ಬರಲಿಲ್ಲ ಅಂತ ಅಳಿಸಿ ಮತ್ತೆ ಬರೆಯುವುದೂ ಇಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಪ್ಲಾನಿಂಗ್ ಫ್ಯಾಲಸಿ ಅಂತ ಹೆಸರಿದೆ. 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್‌ಸ್ಕಿ ಇಟ್ಟ ಹೆಸರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಜರ್ ಬ್ಯೂಲರ್ ಮತ್ತು ಅವರ ಜೊತೆಗಾರರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಬಂದ ಉತ್ತರ ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂತಲೂ ಕೇಳಿದರು, ಅದಕ್ಕೆ ಸುಮಾರು 49 ದಿನ ಅಂದರು. ನಿಜವಾಗಿ ಆಗಿದ್ದು 55 ದಿನದ ಮೇಲೆ. ಅಂದರೆ ಕೆಟ್ಟದ್ದನ್ನೇ ಊಹಿಸಿ ಹೇಳಿದ ಲೆಕ್ಕವೂ ಸಾಲಲಿಲ್ಲ.

ಅದೇ ಸಂಶೋಧಕರಿಗೆ ಕಂಡ ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಅಂದಾಜು ಮಾಡುವಾಗ ಜನ ಮುಂದಿನದನ್ನೇ ಯೋಚಿಸುತ್ತಾರೆ, ಹಿಂದಿನ ಸಲ ಏನಾಯಿತು ಅಂತ ತಿರುಗಿ ನೋಡುವುದು ತೀರಾ ಕಡಿಮೆ. ನೆನಪಾದರೂ, ಅದು ಆ ಸಲದ ಕತೆ ಅಂತ ಬದಿಗಿಡುತ್ತಾರೆ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳೂ ಹೀಗೇ ಹೇಳುತ್ತಾರೆ. ಒಂದು ಸಲ ಜ್ವರ, ಒಂದು ಸಲ ಅಕ್ಕನ ಸೀಮಂತ, ಇನ್ನೊಂದು ಸಲ ಪೆನ್‌ಡ್ರೈವ್ ಕೈ ಕೊಟ್ಟಿತು. ಒಂದೊಂದೂ ಅಪರೂಪವೇ. ಆದರೆ ಪ್ರತಿ ಸಲವೂ ಏನೋ ಒಂದು ಬಂದೇ ಬರುತ್ತದೆ, ಅದು ಅಪರೂಪವಲ್ಲ!

ಹಾಗಾಗಿ ಮೊದಲು ನಿಮ್ಮ ಕಳೆದ ಮೂರು ಅಸೈನ್‌ಮೆಂಟ್ ನೆನಪಿಸಿಕೊಳ್ಳಿ. ಎಷ್ಟು ಗಂಟೆ ಅಂದುಕೊಂಡಿದ್ದಿರಿ, ಎಷ್ಟಾಯಿತು? 3 ಅಂದುಕೊಂಡಿದ್ದು 7 ಆಯಿತು, 2 ಇದ್ದದ್ದು 4, 5 ಇದ್ದದ್ದು 9 ಅಂತ ಇಟ್ಟುಕೊಳ್ಳೋಣ. ಒಟ್ಟು 10 ಗಂಟೆ ಅಂದುಕೊಂಡಿದ್ದಕ್ಕೆ 20 ಗಂಟೆ ಹಿಡಿದಿದೆ, ಅಂದರೆ ಎರಡು ಪಟ್ಟು. ಹಾಗಿದ್ದರೆ ನಿಮ್ಮ 8 ಗಂಟೆ ಮೊದಲ ಹೆಜ್ಜೆಯಲ್ಲೇ 16 ಆಗುತ್ತದೆ. ನೆನಪು ಸರಿಯಾಗಿಲ್ಲದಿದ್ದರೆ ಸ್ನೇಹಿತೆಯನ್ನು ಕೇಳಿ. ನಮ್ಮ ಕೆಲಸದ ಬಗ್ಗೆ ಹತ್ತಿರದಿಂದ ನೋಡಿದವರು ಹೇಳುವ ಅಂದಾಜು ಎಷ್ಟೋ ಸಲ ನಮ್ಮದಕ್ಕಿಂತ ನಿಜಕ್ಕೆ ಹತ್ತಿರ ಇರುತ್ತದೆ.

ಇನ್ನೊಂದು ದಾರಿ, ಕೆಲಸವನ್ನು ಬಿಡಿಸಿ ನೋಡುವುದು. "ವರದಿ ಬರೆಯೋದು" ಅಂದಾಗ ಒಂದೇ ಕೆಲಸದ ಹಾಗೆ ಕೇಳುತ್ತದೆ. ಆದರೆ ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. ಬೆಲೆ ಏರಿಳಿತದ ಬಗ್ಗೆ ಬರೆಯುವುದಾ, ದಲ್ಲಾಳಿಗಳ ಬಗ್ಗೆಯಾ ಅಂತ ಗಟ್ಟಿ ಮಾಡಿಕೊಂಡು ಕೇಳಬೇಕಾದ ಪ್ರಶ್ನೆ ಬರೆದಿಟ್ಟುಕೊಳ್ಳಲು 1 ಗಂಟೆ. ಮೂರು ಲೇಖನ ಓದಿ ಟಿಪ್ಪಣಿ ಮಾಡಲು 3 ಗಂಟೆ. ಮಾರುಕಟ್ಟೆಗೆ ಹೋಗಿ ಹರಾಜು ನೋಡಿ, ಒಂದಿಬ್ಬರು ರೈತರ ಹತ್ತಿರ ಮಾತಾಡಿ ಬರಲು ಮತ್ತೆ 3. ದರಗಳನ್ನು ಕೋಷ್ಟಕ ಮಾಡಲು ಒಂದೂವರೆ. ಬರೆದ ಮೇಲೆ ಓದಿ ತಿದ್ದಲು 2. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಅಲ್ಲಲ್ಲಿ ಒಡೆದ ಒತ್ತಕ್ಷರ ಸರಿಮಾಡಿ, ಪುಟ ಜೋಡಿಸಲು ಒಂದೂವರೆ.

ಬರವಣಿಗೆಗೆ ಎಷ್ಟು? ಇದನ್ನು ಊಹಿಸಬೇಡಿ, ಅಳೆಯಿರಿ. ಇವತ್ತೇ ಒಂದು ಪುಟ ಬರೆಯಿರಿ. ಯಾವುದೋ ಸುಲಭದ ಪುಟ ಬೇಡ, ಇದೇ ವರದಿಯ ಪುಟವೇ ಆಗಲಿ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಯೋಚಿಸುತ್ತಾ ಕೂತ ಹೊತ್ತೂ ಸೇರಲಿ. ಯೋಚಿಸಿ ಟೈಪ್ ಮಾಡುವುದು ನೋಡಿಕೊಂಡು ಟೈಪ್ ಮಾಡಿದ ಹಾಗಲ್ಲ. ಒಂದು ಪುಟಕ್ಕೆ 40 ನಿಮಿಷ ಆಯಿತು ಅನ್ನಿ, 12 ಪುಟಕ್ಕೆ 8 ಗಂಟೆ. ನಿಮ್ಮ ಇಡೀ ಭಾನುವಾರ ಬರವಣಿಗೆ ಒಂದಕ್ಕೇ ಹೋಯಿತು!

ಎಲ್ಲಾ ಕೂಡಿಸಿದರೆ 20 ಗಂಟೆ. ಮೊದಲ ಲೆಕ್ಕದಲ್ಲಿ 16 ಬಂದಿತ್ತು. ಎರಡಕ್ಕೂ ವ್ಯತ್ಯಾಸ ಬಂದರೆ ಯಾಕೆ ಅಂತ ನೋಡಿ. ಇಲ್ಲಿ ಕಾರಣ ಸಿಗುತ್ತದೆ, ಹಳೆಯ ಅಸೈನ್‌ಮೆಂಟ್‌ಗಳಿಗೆ ಹೊರಗೆ ಹೋಗಿ ಬರುವ ಕೆಲಸ ಇರಲಿಲ್ಲ ಅಂತ ಇಟ್ಟುಕೊಂಡರೆ ಈ ಸಲ ಅದು ಹೊಸದಾಗಿ ಸೇರಿದೆ. ದೊಡ್ಡ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ಆದರೆ ಬಿಡಿಸಿ ಕೂಡಿಸಿದ 20ನ್ನು ಮತ್ತೆ ಎರಡರಿಂದ ಗುಣಿಸಬೇಡಿ. ಆ ಎರಡು ಪಟ್ಟು ಬಂದದ್ದು ಸುಮ್ನೆ ಮನಸ್ಸಿಗೆ ತೋಚಿದ ಅಂದಾಜಿನಿಂದ, ಬಿಡಿಸಿ ಮಾಡಿದ ಲೆಕ್ಕಕ್ಕೆ ಅದು ಹೊಂದುವುದಿಲ್ಲ. 40 ಗಂಟೆ ಅಂತ ಕಂಡರೆ ಹೆದರಿಕೊಂಡು ಶುರು ಮಾಡುವುದನ್ನೇ ಮುಂದೂಡುತ್ತೀರಿ.

ಹೆಚ್ಚು ಜನ ಎಡವುವುದು ಇದರ ನಂತರ, ಗಂಟೆಯನ್ನು ದಿನ ಮಾಡುವಾಗ. 20 ಗಂಟೆ ಅಂದರೆ ಎರಡು ದಿನ ಅಂತ ಅನ್ನಿಸಿಬಿಡುತ್ತದೆ. ಕಾಲೇಜು, ಬಸ್ಸು, ಮನೆಗೆಲಸ ಮುಗಿದ ಮೇಲೆ ನಿಮಗೆ ನಿಜವಾಗಿ ಎಷ್ಟು ಹೊತ್ತು ಉಳಿಯುತ್ತದೆ? ಹೋದ ವಾರ ಎಷ್ಟು ಉಳಿಯಿತೋ ಅದನ್ನೇ ಬರೆಯಿರಿ, ಬರುವ ವಾರ ಎದ್ದು ಓದುತ್ತೇನೆ ಅನ್ನುವ ನಾಲ್ಕು ಗಂಟೆಯ ಮುಂಜಾವು ಬೇಡ. ದಿನಕ್ಕೆ ಒಂದೂವರೆ ಗಂಟೆ, ಭಾನುವಾರ 4 ಅಂತಾದರೆ ವಾರಕ್ಕೆ ಸಿಗುವುದು 13. ಉಳಿದ 7 ಗಂಟೆಗೆ ಇನ್ನೂ ಐದು ದಿನ. ಒಟ್ಟು 12 ದಿನ.

28 ಸೋಮವಾರ ಬಂದರೆ, 14ನೇ ತಾರೀಖು ಸೋಮವಾರ ಶುರು ಮಾಡಬೇಕು, ಆಗ 25 ಶುಕ್ರವಾರಕ್ಕೆ ವರದಿ ಕೈಯಲ್ಲಿರುತ್ತದೆ. ಮಾರುಕಟ್ಟೆಗೆ ಹೋಗುವುದಕ್ಕೆ ಮೂರು ಗಂಟೆ ಒಟ್ಟಿಗೆ ಬೇಕು, ಅದು ಸಂಜೆಯ ಒಂದೂವರೆ ಗಂಟೆಯಲ್ಲಿ ಆಗದು. ರಜೆಯ ದಿನಕ್ಕೆ ಇಟ್ಟುಕೊಳ್ಳಿ, ಆ ದಿನ ಹರಾಜು ಇರುತ್ತಾ ಅಂತ ಮೊದಲೇ ವಿಚಾರಿಸಿ. 26 ಶನಿವಾರ ಪ್ರಿಂಟು, ಬೈಂಡಿಂಗ್, ಸಹಿ. ಇವು ನಿಮ್ಮ ದುಡಿಮೆಯ ಗಂಟೆಯಲ್ಲ, ಬೇರೆಯವರಿಗಾಗಿ ಕಾಯುವ ಹೊತ್ತು, ಅದಕ್ಕೇ ಅಂದಾಜಿನಿಂದ ತಪ್ಪಿಸಿಕೊಳ್ಳುತ್ತವೆ. ಭಾನುವಾರ ಖಾಲಿ ಬಿಡಿ. ಆ ಸೀಮಂತ, ಜ್ವರ, ಪೆನ್‌ಡ್ರೈವ್, ಯಾವುದು ಬಂದರೂ ಅಲ್ಲಿ ಜಾಗ ಇರುತ್ತದೆ.

ಲೆಕ್ಕ ತಪ್ಪುತ್ತಿದೆ ಅಂತ ಬೇಗ ಗೊತ್ತಾಗುವುದು ಮುಖ್ಯ. 18ನೇ ತಾರೀಖು ರಾತ್ರಿ, ಅಂದರೆ ಏಳೂವರೆ ಗಂಟೆ ಕೆಲಸ ಮಾಡಿದ ಮೇಲೆ, ವಿಷಯ ಗಟ್ಟಿಯಾಗಿ, ಓದು ಮುಗಿದು, ಬರವಣಿಗೆಯಲ್ಲಿ ಐದು ಪುಟ ಆಗಿರಬೇಕು. ಮೂರೇ ಪುಟ ಆಗಿದ್ದರೆ ಅವತ್ತೇ ತೀರ್ಮಾನ ಮಾಡಿ: ಇಬ್ಬರು ರೈತರ ಮಾತಿಗೆ ಬದಲು ಒಬ್ಬರು, ಎರಡು ವರ್ಷದ ದರಕ್ಕೆ ಬದಲು ಒಂದು ವರ್ಷ. ಆಗ ನಿಮ್ಮ ಮೇಷ್ಟ್ರನ್ನು ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ. 27ರ ರಾತ್ರಿ ಕೇಳಲು ಯಾರೂ ಸಿಗುವುದಿಲ್ಲ.