ಲಾರಿ ತಪ್ಪಿಸ್ಕೊಂಡ ಮೇಲೆ ಕೈ ನಡುಗಿದ್ದು ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ದಾವಣಗೆರೆಯವಳು ನಾನು. ಮೊನ್ನೆ ಸಂಜೆ ಏಳರ ಸುಮಾರಿಗೆ ಪಿ.ಬಿ. ರೋಡಲ್ಲಿ ಸ್ಕೂಟಿಲಿ ಬರ್ತಿದ್ದೆ, ಲಾರಿಯವ್ನು ಇಂಡಿಕೇಟರ್ ಹಾಕ್ದೆ ನನ್ನ ಮುಂದೇನೇ ಎಡಕ್ಕೆ ತಿರುಗಿಸಿಬಿಟ್ಟ, ಬ್ರೇಕ್ ಹಿಡಿದು ಹೆಂಗೋ ಬಚಾವಾದೆ. ಆಗ ಏನೂ ಅನ್ನಿಸ್ಲಿಲ್ಲ, ಸೈಡಿಗೆ ನಿಲ್ಲಿಸಿದ ಮೇಲೆ ಕೈಕಾಲು ಗಡಗಡ ನಡುಗೋಕೆ ಶುರು. ರಾತ್ರಿ ಊಟ ಸೇರ್ಲಿಲ್ಲ, ನಿದ್ದೆನೂ ಇಲ್ಲ. ಫ್ರೆಂಡ್ ಒಬ್ಳು ಟೆನ್ಷನ್ ಹಾರ್ಮೋನ್ ಕಾರ್ಟಿಸಾಲ್ ಏರಿದೆ ಅಂದ್ಳು ಅಂತ ಮೂರು ದಿನ ಬಿಟ್ಟು ಸಂಜೆ ನಾಲ್ಕಕ್ಕೆ ಲ್ಯಾಬಲ್ಲಿ ಬ್ಲಡ್ ಕೊಟ್ಟೆ, 6.2 ಬಂದಿದೆ. ಇದು ಕಡಿಮೆ ಆಯ್ತಾ? ನಡುಕ ಅದ್ರಿಂದನಾ?

ಉತ್ತರ: ಕಡಿಮೆ ಅಲ್ಲಮ್ಮ, ಆ ಹೊತ್ತಿಗೆ ಅದು ನಾರ್ಮಲ್ಲೇ. ನಡುಕಕ್ಕೂ ಕಾರ್ಟಿಸಾಲಿಗೂ ಸಂಬಂಧ ಇಲ್ಲ, ನೀವು ನಡುಗೋಕೆ ಶುರು ಮಾಡಿದಾಗ ನಿಮ್ಮ ರಕ್ತದಲ್ಲಿ ಕಾರ್ಟಿಸಾಲ್ ಇನ್ನೂ ಸರಿಯಾಗಿ ಏರೇ ಇರ್ಲಿಲ್ಲ. ಟೆನ್ಷನ್ ಅಂದ್ರೆ ಕಾರ್ಟಿಸಾಲ್ ಅಂತ ಮೊಬೈಲ್ ವಿಡಿಯೋದಲ್ಲಿ ಹೇಳಿ ಹೇಳಿ ಎಲ್ಲ ಅದರ ತಲೆಗೇ ಕಟ್ಟಿದ್ದಾರೆ, ನಿಜದಲ್ಲಿ ಮೈಯಲ್ಲಿ ಬೇರೆ ಬೇರೆ ಸ್ಪೀಡಿನ ಎರಡು ವ್ಯವಸ್ಥೆ ಅದಾವೆ.

ಏಳು ಗಂಟೆಯಿಂದಲೇ ನೋಡ್ಕೊಂಡು ಬರೋಣ. ಲಾರಿ ಅಡ್ಡ ಬಂದಿದ್ದನ್ನ ಕಣ್ಣು ನೋಡ್ತು, ಆ ಸುದ್ದಿ ಮಿದುಳಿನ ಒಳಗಿರೋ ಅಮಿಗ್ಡಲಾಕ್ಕೆ ಹೋಯ್ತು. ಕಿವಿಯ ನೇರಕ್ಕೆ ಒಳಗಡೆ ಎರಡೂ ಕಡೆ ಒಂದೊಂದು ಇರೋ ಸಣ್ಣ ಭಾಗ ಅದು, ಇದು ಅಪಾಯನಾ ಅಂತ ತೂಗಿ ನೋಡೋದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಕಣ್ಣಿಂದ ಅಲ್ಲಿಗೆ ಪೂರ್ತಿ ಚಿತ್ರ ಆಗೋಕ್ಮುಂಚೆನೇ ಸುದ್ದಿ ಮುಟ್ಟಿಸೋ ಅಡ್ಡದಾರಿ ಐತೆ ಅಂತಾರೆ, ಇಲಿಗಳಲ್ಲಿ ಶಬ್ದದ ವಿಷಯಕ್ಕೆ ಅದನ್ನ ಚೆನ್ನಾಗಿ ತೋರಿಸಿದ್ದಾರೆ, ಮನುಷ್ಯರ ಕಣ್ಣಿನ ವಿಷಯಕ್ಕೆ ಮಾತ್ರ ವಿಜ್ಞಾನಿಗಳಲ್ಲಿ ಇನ್ನೂ ಜಗಳ ನಡೀತಾನೇ ಐತೆ. ಅದೇನೇ ಇರ್ಲಿ, ಅಮಿಗ್ಡಲಾ ಅಲ್ಲಿಂದ ಹಾರ್ಮೋನ್‌ಗಳನ್ನ ನಡೆಸೋ ಹೈಪೋಥಲಾಮಸ್ ಅನ್ನೋ ಮಿದುಳಿನ ಭಾಗಕ್ಕೂ ಮಿದುಳಿನ ಬುಡಕ್ಕೂ ಸಿಗ್ನಲ್ ಕಳಿಸುತ್ತೆ, ಆಟ ಶುರುವಾಗೋದು ಅಲ್ಲಿ.

ಮೊದಲನೇದು ನರದ ದಾರಿ. ಹೃದಯಕ್ಕೆ ನೇರವಾಗಿ ನರ ಇರೋದ್ರಿಂದ ಒಂದೆರಡು ಸೆಕೆಂಡಲ್ಲೇ ಎದೆ ಡವಡವ ಅನ್ನುತ್ತೆ. ಇನ್ನೊಂದು ನರ ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯ ಒಳಭಾಗಕ್ಕೆ ಹೋಗಿ ಅಡ್ರಿನಲಿನ್ ಬಿಡಿಸುತ್ತೆ. ಅದು ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತೋಕೆ ಇನ್ನೂ ಕೆಲವು ಸೆಕೆಂಡ್ ಬೇಕು. ಬ್ರೇಕ್ ಹಿಡಿಯೋಕೆ ನಿಮಗೆ ಸಿಕ್ಕಿದ್ದು ಒಂದು ಸೆಕೆಂಡೋ ಒಂದೂವರೆ ಸೆಕೆಂಡೋ ಅಷ್ಟೇ, ಹಂಗಾಗಿ ನಿಮ್ಮನ್ನ ಉಳಿಸಿದ್ದು ಅಡ್ರಿನಲಿನ್ ಅಲ್ಲ, ದಿನಾ ಸ್ಕೂಟಿ ಓಡಿಸಿ ಕೈಗೆ ಬಂದಿದ್ದ ರೂಢಿ. ಅಡ್ರಿನಲಿನ್ ಬಂದು ಮುಟ್ಟಿದಾಗ ಲಾರಿ ಆಗ್ಲೇ ಮುಂದೆ ಹೋಗಿತ್ತು!

ಆದ್ರೆ ಮೈಗೆ ಅದು ಗೊತ್ತಿಲ್ವಲ್ಲ. ಓಡೋಕೋ ಹೊಡೆದಾಡೋಕೋ ರೆಡಿ ಮಾಡಿಟ್ಟಿದ್ದೆಲ್ಲ ನೀವು ಸೈಡಿಗೆ ಸುಮ್ನೆ ನಿಂತಾಗ ಕಾಣಿಸ್ಕೊಳ್ತು. ಲಿವರ್ ಸಕ್ಕರೆ ಬಿಟ್ಟಿರುತ್ತೆ, ಬಾಯಿ ಒಣಗಿರುತ್ತೆ, ಹೊಟ್ಟೆ ಕೆಲಸ ನಿಧಾನ ಆಗಿರುತ್ತೆ, ಸ್ನಾಯುಗಳಲ್ಲಿರೋ ಬೀಟಾ-2 ಅನ್ನೋ ರಿಸೆಪ್ಟರ್ ಮೇಲೆ ಅಡ್ರಿನಲಿನ್ ಕೂತು ಸಣ್ಣಗೆ ನಡುಕ ಹುಟ್ಟಿಸಿರುತ್ತೆ. ನಿಮ್ಮ ಮನೇಲಿ ಅಸ್ತಮಾ ಇರೋರು ಯಾರಾದ್ರೂ ಇದ್ರೆ ಕೇಳಿ ನೋಡ್ರಿ, ಸಾಲ್ಬುಟಮಾಲ್ ಇನ್ಹೇಲರ್ ಜಾಸ್ತಿ ಎಳ್ಕೊಂಡ್ರೆ ಅವರಿಗೂ ಕೈ ನಡುಗುತ್ತೆ, ಆ ಔಷಧಿ ಕೂರೋದೂ ಅದೇ ರಿಸೆಪ್ಟರ್ ಮೇಲೆ, ಅವರಿಗೆ ಭಯನೂ ಇಲ್ಲ ಏನೂ ಇಲ್ಲ. ರಕ್ತದಲ್ಲಿರೋ ಅಡ್ರಿನಲಿನ್ ಎರಡು ಮೂರು ನಿಮಿಷಕ್ಕೆ ಅರ್ಧ ಆಗುತ್ತೆ, ಹಂಗಾಗಿ ನಡುಕ ಕಾಲು ಗಂಟೆಲಿ ಇಳಿದುಹೋಗಿರ್ಬೇಕು.

ಕಾರ್ಟಿಸಾಲ್ ಬರೋದು ಇದರ ಹಿಂದೆ, ಅದೂ ರಕ್ತದ ದಾರಿಲಿ. ಹೈಪೋಥಲಾಮಸ್ ಸಿ.ಆರ್.ಎಚ್. ಅನ್ನೋ ಹಾರ್ಮೋನ್ ಬಿಡುತ್ತೆ, ಅದು ಕೆಳಗಿರೋ ಪಿಟ್ಯುಟರಿ ಗ್ರಂಥಿಗೆ ಹೋಗಿ ಎ.ಸಿ.ಟಿ.ಎಚ್. ಅನ್ನೋ ಇನ್ನೊಂದು ಹಾರ್ಮೋನ್ ಬಿಡಿಸುತ್ತೆ, ಅದು ಮೈಯೆಲ್ಲ ತಿರುಗಿ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಮುಟ್ಟಿದ ಮೇಲೆ ಕಾರ್ಟಿಸಾಲ್ ತಯಾರಿ ಶುರು. ತಯಾರಿ ಅಂತ ಯಾಕಂದೆ ಅಂದ್ರೆ ಅಡ್ರಿನಲಿನ್ ಮೊದಲೇ ಕರಿದಿಟ್ಟ ಮಿರ್ಚಿ ಇದ್ದಂಗೆ, ಕೇಳಿದ ತಕ್ಷಣ ಪ್ಲೇಟಿಗೆ. ಕಾರ್ಟಿಸಾಲ್ ಆರ್ಡರ್ ಕೊಟ್ಮೇಲೆ ಹಂಚಿಗೆ ಹುಯ್ಯೋ ದೋಸೆ. ಗ್ರಂಥಿ ಅದನ್ನ ಸ್ಟಾಕ್ ಇಟ್ಕೊಳ್ಳಲ್ಲ, ಕೊಲೆಸ್ಟರಾಲಿಂದ ಆಗಿಂದಾಗ್ಗೆ ಮಾಡುತ್ತೆ. ರಕ್ತದಲ್ಲಿ ಅದು ತುದಿ ಮುಟ್ಟೋದು ಘಟನೆ ಶುರುವಾಗಿ 20ರಿಂದ 30 ನಿಮಿಷಕ್ಕೆ, ಅಂದ್ರೆ ನಿಮ್ಮ ಲೆಕ್ಕದಲ್ಲಿ ಏಳೂವರೆ ಹತ್ರ, ನೀವು ಮನೆಗೆ ಬಂದು ಅಮ್ಮಂಗೆ ಕಥೆ ಹೇಳ್ತಿರೋ ಟೈಮು. ಬಂದ ಮೇಲೂ ಅದರ ಹೆಚ್ಚಿನ ಕೆಲಸ ಜೀವಕೋಶದ ಒಳಗೆ ಹೋಗಿ ಜೀನ್‌ಗಳನ್ನ ಆನ್ ಆಫ್ ಮಾಡೋದ್ರಿಂದ ನಡೆಯುತ್ತೆ, ಪರಿಣಾಮ ಕಾಣೋಕೆ ಗಂಟೆಗಟ್ಟಲೆ ಹಿಡಿಯುತ್ತೆ. ಖರ್ಚಾದ ಸಕ್ಕರೆ ತುಂಬಿಸೋದು, ಉರಿಯೂತ ಅತಿ ಆಗದಂಗೆ ನೋಡ್ಕೊಳ್ಳೋದು, ಇಂಥವು. ನನಗೆ ಇದರಲ್ಲಿ ತುಂಬ ಇಷ್ಟ ಆಗೋದು ಇನ್ನೊಂದು ವಿಷಯ, ಅದೇ ಕಾರ್ಟಿಸಾಲ್ ವಾಪಸ್ ಮಿದುಳಿಗೆ ಹೋಗಿ ಹೈಪೋಥಲಾಮಸ್ಸಿಗೂ ಪಿಟ್ಯುಟರಿಗೂ ಸಾಕು ನಿಲ್ಸು ಅಂತನೂ ಹೇಳುತ್ತೆ. ಜನ ಅದನ್ನ ವಿಷ ಅಂತ ಬೈತಾರೆ, ಗಲಾಟೆ ನಿಲ್ಲಿಸೋದ್ರಲ್ಲೂ ಅದರದ್ದೇ ಪಾಲು ಐತೆ. ರಕ್ತದಲ್ಲಿ ಅದು ಅರ್ಧ ಆಗೋಕೆ ಒಂದು ಒಂದೂವರೆ ಗಂಟೆ ಬೇಕು, ರಾತ್ರಿ ಹತ್ತರ ಹೊತ್ತಿಗೆ ನಿಮ್ಮದು ಬಹುತೇಕ ಇಳಿದಿರುತ್ತೆ.

ಹಂಗಾದ್ರೆ ನಿದ್ದೆ ಯಾಕ್ ಬರ್ಲಿಲ್ಲ? ಲಾರಿ ಕಣ್ಮುಂದೆ ಮತ್ತೆ ಮತ್ತೆ ಬಂದಿರುತ್ತೆ, ನೆನಪಿಗೂ ಅಮಿಗ್ಡಲಾ ಎದ್ದು ಕೂರುತ್ತೆ, ಪ್ರತಿ ಸಲ ಸ್ವಲ್ಪ ಸ್ವಲ್ಪ ಎದೆಬಡಿತ ಏರುತ್ತೆ. ಅಷ್ಟೊತ್ತಲ್ಲಿ ಮೈಯಲ್ಲಿ ಏರಿದ್ದ ಅಡ್ರಿನಲಿನ್ನು, ಕಾರ್ಟಿಸಾಲು ಎರಡೂ ಆ ನೆನಪನ್ನ ಗಟ್ಟಿಯಾಗಿ ಕೂರಿಸ್ತವೆ ಬೇರೆ.

ಇನ್ನು ರಿಪೋರ್ಟು. ಕಾರ್ಟಿಸಾಲ್ ದಿನಕ್ಕೊಂದು ಸಲ ತನ್ನಷ್ಟಕ್ಕೆ ಏರಿಳಿಯುತ್ತೆ, ಬೆಳಿಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಲಿ ಜಾಸ್ತಿ, ನಡುರಾತ್ರಿ ಹೊತ್ತಿಗೆ ತೀರಾ ಕಡಿಮೆ. ಬೆಳಿಗ್ಗೆ ಎಂಟಕ್ಕೆ ಡೆಸಿಲೀಟರಿಗೆ ಸುಮಾರು 5ರಿಂದ 25 ಮೈಕ್ರೋಗ್ರಾಂ ಒಳಗೆ ಇರುತ್ತೆ, ಸಂಜೆ ನಾಲ್ಕಕ್ಕೆ ಅದರ ಅರ್ಧಕ್ಕೆ ಬಂದಿರೋದು ಸಹಜ. ನಿಮ್ಮ ರಿಪೋರ್ಟಲ್ಲಿ ಪಕ್ಕದಲ್ಲಿ ಬೆಳಿಗ್ಗೆ ರೇಂಜು ಸಂಜೆ ರೇಂಜು ಎರಡೂ ಪ್ರಿಂಟ್ ಆಗಿದ್ಯಾ ನೋಡ್ರಿ, ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಬದಲಾಗುತ್ತೆ. ಮೂರು ದಿನದ ಹಿಂದೆ ಲಾರಿ ಅಡ್ಡ ಬಂದಿದ್ದು ಆ 6.2ರಲ್ಲಿ ಎಲ್ಲೂ ಇಲ್ಲ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ರೆ ಈ ಸಂಖ್ಯೆ ಸುಳ್ಳಾಗಿ ಜಾಸ್ತಿ ತೋರಿಸುತ್ತೆ, ಸ್ಟೀರಾಯ್ಡ್ ಮಾತ್ರೆನೋ ಬೆಳ್ಳಗಾಗೋ ಸ್ಟೀರಾಯ್ಡ್ ಕ್ರೀಮೋ ತುಂಬ ದಿನ ಬಳಸಿದ್ರೆ ನಿಜವಾಗ್ಲೂ ಕಡಿಮೆ ಆಗಿಬಿಡುತ್ತೆ, ಅಂಥ ಮಾತ್ರೆ ಬಳಸೋರು ಡಾಕ್ಟ್ರನ್ನ ಕೇಳ್ದೆ ದಿಢೀರ್ ಅಂತ ನಿಲ್ಲಿಸ್ಬಾರ್ದು.

ಕಾರ್ಟಿಸಾಲ್ ನಿಜಕ್ಕೂ ಅತಿಯಾಗೋ ಕುಶಿಂಗ್ ಅನ್ನೋ ಕಾಯಿಲೆ ಬೇರೆ. ಅದರಲ್ಲಿ ಮುಖ ಗುಂಡಗಾಗುತ್ತೆ, ಹೊಟ್ಟೆ ಮೇಲೆ ಅಗಲವಾದ ನೇರಳೆ ಗೆರೆ ಬೀಳ್ತವೆ, ಕುಕ್ಕರುಗಾಲಲ್ಲಿ ಕೂತು ಏಳೋಕೆ ಆಗಲ್ಲ, ಬಿ.ಪಿ. ಶುಗರ್ ಏರುತ್ತೆ. ಅದನ್ನ ಹಿಡಿಯೋದೂ ಹಿಂಗೆ ಯಾವಾಗ್ಲೋ ಒಂದ್ಸಲ ರಕ್ತ ಕೊಟ್ಟಲ್ಲ. ರಾತ್ರಿ ಮಲಗೋ ಹೊತ್ತಿನ ಎಂಜಲು, ಇಡೀ 24 ಗಂಟೆ ಕೂಡಿಟ್ಟ ಮೂತ್ರ, ಇಲ್ಲಾಂದ್ರೆ ರಾತ್ರಿ 11ಕ್ಕೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು ಬೆಳಿಗ್ಗೆ ಎಂಟಕ್ಕೆ ನೋಡೋ ರಕ್ತ, ಇಂಥವು ಬೇಕು. ನೀವು ಬರೆದಿದ್ರಲ್ಲಿ ಅಂಥ ಲಕ್ಷಣ ಒಂದೂ ಇಲ್ಲ, ಇನ್ನೊಂದ್ಸಲ ಟೆಸ್ಟ್‌ಗೆ ದುಡ್ಡು ಹಾಕ್ಬೇಡಿ.

ಒಂದು ತಿಂಗಳಾದ್ರೂ ಕೆಟ್ಟ ಕನಸು ಬರ್ತಿದ್ರೆ, ಪಿ.ಬಿ. ರೋಡ್ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಿದ್ರೆ, ಹಾರ್ನ್ ಸದ್ದಿಗೇ ಬೆಚ್ಚಿಬೀಳ್ತಿದ್ರೆ ಆಗ ಮನೋವೈದ್ಯರನ್ನ ನೋಡಿ. ಅವರು ನಿಮ್ಮನ್ನ ಕೂರಿಸಿ ಮಾತಾಡಿಸ್ತಾರೆ, ಕಾರ್ಟಿಸಾಲ್ ಕೇಳಲ್ಲ, ಯಾಕಂದ್ರೆ ಅಪಘಾತದ ಶಾಕ್ ತಿಂಗಳುಗಟ್ಟಲೆ ಉಳಿದವರಲ್ಲೂ ಅದು ಎಷ್ಟೋ ಸಲ ನಾರ್ಮಲ್ಲೇ ಇರುತ್ತೆ, ಕೆಲವರಲ್ಲಿ ಕಡಿಮೆನೂ ಇರುತ್ತೆ.