2 ಲೀಟರಿಗೆ ಏರಿದ ಆಕ್ಸಿಜನ್, 15ಕ್ಕೂ ಏರದ ಆಕ್ಸಿಜನ್

ವಿಜಯಪುರದ ಆಸ್ಪತ್ರೆಯಲ್ಲಿ ನಮ್ಮ ಕಾಕಾಗೆ ನ್ಯುಮೋನಿಯಾ. ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಕೊಟ್ಟರೂ ರಕ್ತದ ಆಕ್ಸಿಜನ್ ಮಟ್ಟ ಶೇ. 86 ದಾಟುತ್ತಿಲ್ಲ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಪಕ್ಕದ ರೋಗಿಗೆ 2 ಲೀಟರಿಗೇ 84ರಿಂದ 91 ಆಯ್ತು. ಯಾಕೆ ಎಂದು ನೀವು ಕೇಳಿದ್ದೀರಿ.

ಪಕ್ಕದವರ ಶ್ವಾಸನಾಳ ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ. ಕೆಲವು ಗಾಳಿಚೀಲಗಳಿಗೆ ರಕ್ತ ಬರುತ್ತದೆ, ಆದರೆ ಅದಕ್ಕೆ ತಕ್ಕಷ್ಟು ಗಾಳಿ ಬರುತ್ತಿಲ್ಲ. ಇದಕ್ಕೆ ವಿ/ಕ್ಯೂ ಮಿಸ್‌ಮ್ಯಾಚ್ ಅನ್ನುತ್ತಾರೆ. ಬರುವ ಸ್ವಲ್ಪ ಗಾಳಿಯಲ್ಲೇ ಆಕ್ಸಿಜನ್ ಜಾಸ್ತಿ ಇದ್ದರೆ ರಕ್ತಕ್ಕೆ ಸಾಕಾಗುತ್ತದೆ.

ನಿಮ್ಮ ಕಾಕಾ ಅವರದು ಬಹುಶಃ ಶಂಟ್. ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿರುತ್ತದೆ. ಗಾಳಿ ಒಳಗೆ ಹೋಗುವುದೇ ಇಲ್ಲ. ರಕ್ತ ಮಾತ್ರ ಅಲ್ಲಿ ಹರಿಯುತ್ತಲೇ ಇರುತ್ತದೆ, ಆಕ್ಸಿಜನ್ ಸಿಗದೆ ಹಾಗೇ ವಾಪಸ್ ಬರುತ್ತದೆ. ಚೆನ್ನಾಗಿರುವ ಭಾಗ ಇದನ್ನು ಸರಿದೂಗಿಸಬಹುದಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ಅಲ್ಲಿನ ಹಿಮೋಗ್ಲೋಬಿನ್ ಆಗಲೇ ತುಂಬಿಹೋಗಿದೆ, ಇನ್ನು ಹೊರಲು ಜಾಗವಿಲ್ಲ. ಲೆಕ್ಕ ನೋಡಿ: ಆಕ್ಸಿಜನ್ ಮಟ್ಟ 100 ಇರುವ 60 ಪಾಲು ರಕ್ತಕ್ಕೆ ಮಟ್ಟ 65 ಇರುವ 40 ಪಾಲು ಬೆರೆತರೆ ಸಿಗುವುದು 86.

ಆಕ್ಸಿಜನ್ ನಿಲ್ಲಿಸುವಂತಿಲ್ಲ. ಆದರೆ ಸುಮ್ನೆ ಲೀಟರ್ ಏರಿಸಿದರೆ ಹೆಚ್ಚು ಪ್ರಯೋಜನವಿಲ್ಲ. ಮುಚ್ಚಿದ ಗಾಳಿಚೀಲಗಳು ತೆರೆಯಬೇಕು. ಅದಕ್ಕೇ ವೈದ್ಯರು ಒತ್ತಡ ಕೊಡುವ ಮಾಸ್ಕ್ ಅಥವಾ ವೆಂಟಿಲೇಟರ್ ಹಾಕುತ್ತಾರೆ, ಬೋರಲು ಮಲಗಿಸುತ್ತಾರೆ. ಅವರು ಹಾಗೆ ಹೇಳಿದರೆ ದಯವಿಟ್ಟು ತಡ ಮಾಡಬೇಡಿ.